ನಾಲ್ಕೆಕರೆಗೆ ಟ್ರ್ಯಾಕ್ಟರ್: ಬಾಡಿಗೆಯೋ, ಸ್ವಂತದ್ದೋ?

ಹಾವೇರಿ ಜಿಲ್ಲೆಯ ಮೆಕ್ಕೆಜೋಳದ ಸೀಮೆಯಲ್ಲಿ ನಾಲ್ಕು ಎಕರೆ ಮಳೆಯಾಶ್ರಿತ ಹೊಲ ಇರುವ ರೈತನಿಗೆ ವರ್ಷಕ್ಕೆ ಎಷ್ಟು ಗಂಟೆ ಟ್ರ್ಯಾಕ್ಟರ್ ಬೇಕು? ಟ್ರ್ಯಾಕ್ಟರ್ ಕೊಳ್ಳುವ ಮಾತು ಬಂದಾಗ ಯಾವ ಕಂಪನಿ, ಎಷ್ಟು ಎಚ್‌ಪಿ, ಮುಂಗಡ ಎಷ್ಟು, ಕಂತು ಎಷ್ಟು ಎಂಬುದೆಲ್ಲ ಕಟ್ಟೆಯ ಮೇಲೆ ಚರ್ಚೆಯಾಗುತ್ತದೆ. ಗಂಟೆಯ ಲೆಕ್ಕ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಬಾಡಿಗೆ ಮೇಲೋ ಸ್ವಂತದ್ದು ಮೇಲೋ ಎಂಬುದು ತೀರ್ಮಾನವಾಗುವುದು ಅದರಿಂದಲೇ.

2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1.36 ಹೆಕ್ಟೇರ್, ಅಂದರೆ ಸುಮಾರು ಮೂರು ಎಕರೆ ಹದಿನಾಲ್ಕು ಗುಂಟೆ. ಹಾಗಾಗಿ ನಾಲ್ಕೆಕರೆಯ ರೈತ ನಮ್ಮಲ್ಲಿ ಅಪರೂಪದವನಲ್ಲ, ಸರಾಸರಿಗಿಂತ ತುಸು ಮೇಲಿನವನೇ. ಅವನ ಒಂದು ವರ್ಷದ ಕೆಲಸವನ್ನು ಮುಂದಿಟ್ಟುಕೊಂಡು ಎರಡೂ ದಾರಿಗಳನ್ನು ತೂಗಿ ನೋಡೋಣ. ಇಲ್ಲಿ ಹಿಡಿದಿರುವ ದರಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಸುಮಾರು ದರಗಳು. ಓದುವವರು ತಮ್ಮೂರಿನ ದರ ಹಾಕಿಕೊಂಡು ಇದೇ ಲೆಕ್ಕವನ್ನು ಮತ್ತೆ ಮಾಡಬಹುದು.

ಒಂದು ಎಕರೆಗೆ ಒಂಬತ್ತು ಗಂಟೆ

ಬೇಸಿಗೆಯಲ್ಲಿ ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಪಲ್ಟಿ ನೇಗಿಲು ಹೊಡೆಸುವುದು ಮೊದಲ ಕೆಲಸ. 45 ಎಚ್‌ಪಿ ಟ್ರ್ಯಾಕ್ಟರಿಗೆ ಇದು ಎಕರೆಗೆ ಎರಡು ಗಂಟೆ ಹಿಡಿಯುತ್ತದೆ. ಆಮೇಲೆ ಕಲ್ಟಿವೇಟರ್ ಎರಡು ಸಲ, ಸಲಕ್ಕೆ ಒಂದು ಗಂಟೆ. ಹೆಂಟೆ ಒಡೆದು ಮಣ್ಣು ಪುಡಿ ಮಾಡಲು ರೋಟವೇಟರ್ ಒಂದು ಸಲ, ಒಂದೂಕಾಲು ಗಂಟೆ. ಕೂರಿಗೆ ಕಟ್ಟಿ ಬಿತ್ತಲು ಮುಕ್ಕಾಲು ಗಂಟೆ. ಮೆಕ್ಕೆಜೋಳ ಕಿತ್ತ ಮೇಲೆ ತೇವ ಉಳಿದಿದ್ದರೆ ಹಿಂಗಾರಿಗೆ ಕಡಲೆ ಹಾಕುತ್ತಾರೆ. ಅದಕ್ಕೆ ಒಂದು ಸಲ ಹರಗಲು ಒಂದು ಗಂಟೆ, ಬಿತ್ತಲು ಮತ್ತೆ ಮುಕ್ಕಾಲು ಗಂಟೆ. ತಿಪ್ಪೆಗೊಬ್ಬರ ಹೊಲಕ್ಕೆ ಹೊಡೆಯಲು, ಬೆಳೆ ಕಣಕ್ಕೆ ತರಲು ಟ್ರೇಲರಿನ ಓಡಾಟ ಎಕರೆಗೆ ಒಂದೂಕಾಲು ಗಂಟೆ ಎಂದಿಟ್ಟುಕೊಳ್ಳಿ.

ಒಟ್ಟು ಎಕರೆಗೆ ಒಂಬತ್ತು ಗಂಟೆ, ನಾಲ್ಕೆಕರೆಗೆ ಮೂವತ್ತಾರು. ಬೆಳೆ ಮೊಣಕಾಲೆತ್ತರ ಬಂದ ಮೇಲೆ ಎಡೆ ಹೊಡೆಯುವುದಕ್ಕೆ ದೊಡ್ಡ ಟ್ರ್ಯಾಕ್ಟರ್ ಹೊಲಕ್ಕಿಳಿಯುವಂತಿಲ್ಲ, ಅದಕ್ಕೆ ಎತ್ತೇ ಬೇಕು. ಪಲ್ಟಿ ನೇಗಿಲನ್ನು ಎಷ್ಟೋ ಜನ ಪ್ರತಿ ವರ್ಷ ಹೊಡೆಸುವುದೂ ಇಲ್ಲ. ಅಂದರೆ ಮೂವತ್ತಾರು ಗಂಟೆಯೇ ಕೈಬಿಚ್ಚಿ ಹಿಡಿದ ಲೆಕ್ಕ.

ಗಂಟೆಗೆ 1,000 ರೂಪಾಯಿ ಬಾಡಿಗೆ ಎಂದರೆ ವರ್ಷಕ್ಕೆ 36,000 ರೂಪಾಯಿ. ಡೀಸೆಲ್, ಡ್ರೈವರ್, ರಿಪೇರಿ, ಕಟ್ಟುವ ಸಲಕರಣೆ ಎಲ್ಲ ಅದರಲ್ಲೇ ಬಂತು. ಕೃಷಿ ಎಂಜಿನಿಯರುಗಳು ಖರ್ಚಿನ ಲೆಕ್ಕ ಹಾಕುವಾಗ ಒಂದು ಟ್ರ್ಯಾಕ್ಟರ್ ವರ್ಷಕ್ಕೆ 1,000 ಗಂಟೆ ದುಡಿಯುತ್ತದೆ, ಹತ್ತು ವರ್ಷ ಬಾಳುತ್ತದೆ ಎಂದು ಹಿಡಿಯುವುದು ವಾಡಿಕೆ. ನಮ್ಮ ರೈತನಿಗೆ ಬೇಕಾದ್ದು ಅದರಲ್ಲಿ ಶೇಕಡಾ ನಾಲ್ಕಕ್ಕೂ ಕಡಿಮೆ.

ನಿಂತರೂ ತಿನ್ನುವ ಖರ್ಚು

ಈಗ ಸ್ವಂತದ ಲೆಕ್ಕ. 2025ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದ ಮೇಲೆ ಬೆಲೆ ಸ್ವಲ್ಪ ತಗ್ಗಿದೆ. 45 ಎಚ್‌ಪಿಯ ಗಾಡಿಗೆ ಏಳೂವರೆ ಲಕ್ಷ. ಕಲ್ಟಿವೇಟರ್, ರೋಟವೇಟರ್, ಒಂದು ಹಳೇ ಟ್ರೇಲರ್ ಸೇರಿ ಎರಡೂವರೆ ಲಕ್ಷ. ಒಟ್ಟು ಹತ್ತು ಲಕ್ಷ ರೂಪಾಯಿ. ಹತ್ತು ವರ್ಷ ಬಳಸಿ ಮಾರಿದರೆ ಮೂರೂವರೆ ಲಕ್ಷ ಬರುತ್ತದೆ ಎಂದು ಧಾರಾಳವಾಗಿಯೇ ಹಿಡಿಯೋಣ. ಹೋದ ಬೆಲೆ ಆರೂವರೆ ಲಕ್ಷ, ಅಂದರೆ ವರ್ಷಕ್ಕೆ 65,000 ರೂ. ಸವಕಳಿ.

ಬಡ್ಡಿಯನ್ನು ಹತ್ತು ಲಕ್ಷದ ಮೇಲೆ ಹತ್ತೂ ವರ್ಷ ಹಾಕುವುದು ಸರಿಯಲ್ಲ, ಏಕೆಂದರೆ ಗಾಡಿಯ ಬೆಲೆ ವರ್ಷವರ್ಷವೂ ಇಳಿಯುತ್ತಿರುತ್ತದೆ. ಮೊದಲಿನ ಹತ್ತು ಲಕ್ಷ, ಕೊನೆಯ ಮೂರೂವರೆ ಲಕ್ಷ, ಇವುಗಳ ಸರಾಸರಿ 6.75 ಲಕ್ಷ. ಅದಕ್ಕೆ ಶೇ 11ರಂತೆ ವರ್ಷಕ್ಕೆ ಸುಮಾರು 74,000 ರೂ. ಸಾಲ ಮಾಡದೆ ಕೈಯ ದುಡ್ಡು ಹಾಕಿದವರಿಗೂ ಈ ಖರ್ಚು ಪೂರಾ ತಪ್ಪುವುದಿಲ್ಲ. ಆ ದುಡ್ಡು ಬೋರಿಗೋ ಎಮ್ಮೆಗೋ ಹಾಕಿದ್ದರೆ ಅದರಿಂದಲೂ ಏನಾದರೂ ಹುಟ್ಟುತ್ತಿತ್ತು. ಇನ್ನು ವಿಮೆ, ನಿಲ್ಲಿಸಲು ತಗಡಿನ ಶೆಡ್ಡು, ಸಣ್ಣಪುಟ್ಟದ್ದು ಎಂದು 15,000 ರೂ. ಮೂರೂ ಸೇರಿ 1,54,000 ರೂಪಾಯಿ. ಟ್ರ್ಯಾಕ್ಟರ್ ಇಡೀ ವರ್ಷ ಮನೆ ಮುಂದಿಂದ ಕದಲದೆ ನಿಂತರೂ ಈ ಖರ್ಚು ನಿಲ್ಲುವುದಿಲ್ಲ.

ಓಡಿದಾಗಿನ ಖರ್ಚು ಬೇರೆ. ಗಂಟೆಗೆ ಸುಮಾರು ಐದು ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿಯಂತೆ 450. ಆಯಿಲ್, ಸರ್ವಿಸ್, ಟೈರಿನ ಸವೆತಕ್ಕೆ 100, ಓಡಿಸುವವನ ಕೂಲಿ 100. ಒಟ್ಟು ಗಂಟೆಗೆ 650 ರೂಪಾಯಿ. ಮೂವತ್ತಾರು ಗಂಟೆಗೆ ಇದು 23,400 ಆಯಿತು. ಎರಡನ್ನೂ ಕೂಡಿಸಿದರೆ ವರ್ಷದ ಖರ್ಚು 1,77,400 ರೂಪಾಯಿ. ಬಾಡಿಗೆಯವನಿಗೆ ಗಂಟೆಗೆ 1,000 ಕೊಡುವುದು ದುಬಾರಿ ಎಂದು ಗೊಣಗುವ ರೈತ, ಸ್ವಂತ ಟ್ರ್ಯಾಕ್ಟರನ್ನು ತನ್ನ ಹೊಲಕ್ಕಷ್ಟೇ ಬಳಸಿದರೆ ಗಂಟೆಗೆ 4,900 ರೂಪಾಯಿಯಂತೆ ತೆತ್ತಂತೆ.

ಕಂತಿನ ಕಡೆಯಿಂದ ನೋಡಿದರೂ ಚಿತ್ರ ಬದಲಾಗುವುದಿಲ್ಲ. ನಾಲ್ಕು ಲಕ್ಷ ಕೈಯಿಂದ ಹಾಕಿ ಆರು ಲಕ್ಷ ಸಾಲ ತೆಗೆದರೆ, ಶೇ 11ರ ಬಡ್ಡಿಗೆ ಐದು ವರ್ಷದ ಅವಧಿಯಲ್ಲಿ ಆರು ತಿಂಗಳಿಗೊಮ್ಮೆ ಬರುವ ಕಂತು ಸುಮಾರು 79,600 ರೂಪಾಯಿ. ವರ್ಷಕ್ಕೆ 1.59 ಲಕ್ಷ. ನಾಲ್ಕೆಕರೆಯಲ್ಲಿ ಎಕರೆಗೆ ಇಪ್ಪತ್ತು ಕ್ವಿಂಟಲ್ ಮೆಕ್ಕೆಜೋಳ ಬಂದು, 2025-26ರ ಬೆಂಬಲ ಬೆಲೆಯಾದ 2,400 ರೂಪಾಯಿಯೇ ಸಿಕ್ಕಿತೆನ್ನಿ, ಆಗಲೂ ಒಟ್ಟು ಹುಟ್ಟುವಳಿ 1.92 ಲಕ್ಷ. ಬೀಜ, ಗೊಬ್ಬರ, ಆಳುಗಳ ಖರ್ಚು ಕಳೆಯುವ ಮೊದಲೇ ಅದರ ದೊಡ್ಡ ಪಾಲು ಕಂತಿಗೆ ಹೋಯಿತು. ಮೆಕ್ಕೆಜೋಳದ ಹಣದಿಂದ ಟ್ರ್ಯಾಕ್ಟರಿನ ಸಾಲ ತೀರುವುದಿಲ್ಲ. ಟ್ರ್ಯಾಕ್ಟರಿನ ಸಾಲವನ್ನು ಟ್ರ್ಯಾಕ್ಟರೇ ದುಡಿದು ತೀರಿಸಬೇಕು.

ನಾನೂರ ನಲವತ್ತು ಗಂಟೆ

ಹಾಗಾದರೆ ಎಷ್ಟು ದುಡಿದರೆ ಸರಿಹೋಗುತ್ತದೆ? ಓಡಿದ ಪ್ರತಿ ಗಂಟೆಗೆ 1,000 ಬಾಡಿಗೆ ಉಳಿಯುತ್ತದೆ ಅಥವಾ ಬರುತ್ತದೆ, 650 ಖರ್ಚಾಗುತ್ತದೆ. ಮಿಗುವುದು 350. ನಿಂತರೂ ತಿನ್ನುವ 1,54,000ವನ್ನು 350ರಿಂದ ಭಾಗಿಸಿದರೆ ಸಿಗುವುದು 440 ಗಂಟೆ. ಸ್ವಂತ ಹೊಲದ ಮೂವತ್ತಾರನ್ನು ಕಳೆದರೆ 404 ಗಂಟೆ ಬೇರೆಯವರ ಹೊಲದಲ್ಲಿ ದುಡಿಯಬೇಕು. ಎಕರೆಗೆ ಒಂಬತ್ತು ಗಂಟೆಯಂತೆ ಅದು ಇತರರ ನಲವತ್ತೈದು ಎಕರೆಯ ಇಡೀ ವರ್ಷದ ಕೆಲಸ. ಅಷ್ಟಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲಾಭ ಶುರುವಾಗುವುದು 441ನೇ ಗಂಟೆಯಿಂದ.

ನಾಲ್ಕೆಕರೆಯವನು ಟ್ರ್ಯಾಕ್ಟರ್ ಕೊಳ್ಳುತ್ತಾನೆ ಎಂದರೆ ಅವನು ಬಾಡಿಗೆ ವ್ಯಾಪಾರಕ್ಕೆ ಇಳಿಯುತ್ತಾನೆ ಎಂದೇ ಅರ್ಥ. ಆದ್ದರಿಂದ ಹೊಲ ಎಷ್ಟಿದೆ ಎನ್ನುವುದಕ್ಕಿಂತ ಊರಿನ ಬಾಡಿಗೆ ಮಾರುಕಟ್ಟೆ ಹೇಗಿದೆ ಎನ್ನುವುದನ್ನು ಅವನು ಮೊದಲು ನೋಡಬೇಕು. ಗಂಟೆಗೆ 1,200 ನಡೆಯುವ ಊರಿನಲ್ಲಿ 280 ಗಂಟೆಗೇ ಲೆಕ್ಕ ಸರಿಹೋಗುತ್ತದೆ. ಅದೇ ಊರಲ್ಲಿ ಇನ್ನೂ ನಾಲ್ಕು ಜನ ಟ್ರ್ಯಾಕ್ಟರ್ ತಂದು, ಕೆಲಸಕ್ಕಾಗಿ ಪೈಪೋಟಿ ಬಿದ್ದು ದರ 850ಕ್ಕೆ ಇಳಿದರೆ ಬೇಕಾಗುವುದು 770 ಗಂಟೆ. ದರ ಇಳಿದಷ್ಟೂ ಹೆಚ್ಚು ಗಂಟೆ ಬೇಕು. ಟ್ರ್ಯಾಕ್ಟರುಗಳು ಹೆಚ್ಚಾದಷ್ಟೂ ಒಬ್ಬೊಬ್ಬರಿಗೆ ಸಿಗುವ ಗಂಟೆ ಕಡಿಮೆ. ಪಕ್ಕದ ಮನೆಯವನು ತಂದು ಗೆದ್ದ ಎಂಬುದನ್ನು ನೋಡಿ ತಂದವನು ಸೋಲುವುದು ಹೀಗೆ.

ಗಂಟೆ ಸಿಕ್ಕರೆ ಸಾಲದು, ದುಡ್ಡೂ ಕೈಗೆ ಬರಬೇಕು. ಹೊಲದ ಬಾಡಿಗೆ ಬಹುಪಾಲು ಉದ್ರಿಯೇ. ಬಿತ್ತನೆಗೆ ಓಡಿಸಿದ್ದರ ಹಣ ರಾಶಿಯಾದ ಮೇಲೆ ಬರುತ್ತದೆ, ಮಳೆ ಕೈಕೊಟ್ಟ ವರ್ಷ ಅದೂ ಬರುವುದಿಲ್ಲ. ಡೀಸೆಲ್ ಮಾತ್ರ ಅಂದಂದಿಗೇ ನಗದು. ನಾಲ್ಕು ಲಕ್ಷದ ಬಾಡಿಗೆಯಲ್ಲಿ ಹತ್ತನೇ ಒಂದು ಪಾಲು ಮುಳುಗಿದರೂ 40,000 ಹೋಯಿತು. ಅದನ್ನು ತುಂಬಿಕೊಳ್ಳಲು ಗಂಟೆಗೆ 350ರಂತೆ ಇನ್ನೂ 115 ಗಂಟೆ ಓಡಿಸಬೇಕು. ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವ ದಾರಿಗೆ ಯಾರೂ ದುಡ್ಡು ಕೊಡುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊಲದ ಕೆಲಸ ಸಾಲದೆ ಇಟ್ಟಿಗೆ, ಮರಳು ಸಾಗಿಸಲು ಹೊರಡುವವರೂ ಇದ್ದಾರೆ. ಕೃಷಿಗೆಂದು ನೋಂದಣಿಯಾದ ಗಾಡಿಯಲ್ಲಿ ಆ ಕೆಲಸ ಮಾಡುವಾಗ ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ಬರುತ್ತದೆ.

ಹಳೇ ಟ್ರ್ಯಾಕ್ಟರ್ ಕೊಂಡರೆ ಭಾರ ಇಳಿಯುತ್ತದೆ, ಆದರೆ ಅಂದುಕೊಂಡಷ್ಟಲ್ಲ. ಸಲಕರಣೆ ಸೇರಿ ನಾಲ್ಕೂವರೆ ಲಕ್ಷಕ್ಕೆ ಕೊಂಡು ಆರು ವರ್ಷದ ಮೇಲೆ ಎರಡೂವರೆ ಲಕ್ಷಕ್ಕೆ ಮಾರಿದರೆ ಸವಕಳಿ, ಬಡ್ಡಿ, ವಿಮೆ ಎಲ್ಲ ಸೇರಿ ನಿಂತ ಖರ್ಚು ವರ್ಷಕ್ಕೆ 87,000ದ ಹತ್ತಿರ ಬರುತ್ತದೆ. ರಿಪೇರಿ ಹೆಚ್ಚಾಗುವುದರಿಂದ ಓಡುವ ಖರ್ಚು ಗಂಟೆಗೆ 750 ಹಿಡಿಯಬೇಕು. ಆಗಲೂ 350 ಗಂಟೆ ದುಡಿಸಲೇಬೇಕು. ಜೊತೆಗೆ ಬಿತ್ತನೆಯ ಹದದಲ್ಲೇ ಕ್ಲಚ್ ಪ್ಲೇಟ್ ಹೋಗುವ ಭಯವೂ ಇದ್ದೇ ಇರುತ್ತದೆ.

ಕಾಯುವುದರ ಬೆಲೆ

ಸ್ವಂತದ ಪರವಾಗಿ ಇರುವ ಗಟ್ಟಿ ವಾದ ಒಂದೇ. ಬಾಡಿಗೆ ಟ್ರ್ಯಾಕ್ಟರ್ ಬೇಕಾದ ದಿನ ಸಿಗುವುದಿಲ್ಲ. ರೋಹಿಣಿಯೋ ಮೃಗಶಿರವೋ ಬಿದ್ದು, ಎರೆ ಹೊಲ ಎರಡು ಮೂರು ದಿನ ಆರಿ ಹದಕ್ಕೆ ಬಂದಾಗ ಇಡೀ ಊರಿಗೆ ಒಂದೇ ದಿನ ಟ್ರ್ಯಾಕ್ಟರ್ ಬೇಕು. ಮಸಾರಿಯಲ್ಲಂತೂ ಹದ ಇನ್ನೂ ಬೇಗ ಆರುತ್ತದೆ. ಮಾಲೀಕ ಮೊದಲು ತನ್ನ ಹೊಲ ಮುಗಿಸುತ್ತಾನೆ, ಆಮೇಲೆ ನೆಂಟರದ್ದು, ಆಮೇಲೆ ಒಂದೇ ಕಡೆ ಹತ್ತೆಕರೆ ಇರುವವರದ್ದು. ಬದುವಿನ ಮೂಲೆಯ ಒಂದೆಕರೆ ತುಂಡಿನವನಿಗೆ ಸಿಗುವುದು “ಹೌದ್ರಿ ಕಾಕಾ, ನಾಳಿ ಮುಂಜಾನೆ ಬಂದ ಬಿಡ್ತೀನಿ” ಎಂಬ ಮಾತು. ಆ ನಾಳೆ ನಾಲ್ಕನೆಯ ದಿನ ಬರುತ್ತದೆ, ಅಷ್ಟರಲ್ಲಿ ಹದ ಹೋಗಿರುತ್ತದೆ. ಬಿತ್ತನೆ ಮುಂದಿನ ಮಳೆಗೆ ಹೋಗುತ್ತದೆ, ಹಿಂದೆಯೇ ಹಿಂಗಾರಿ ಕಡಲೆಯೂ ತಡವಾಗುತ್ತದೆ.

ಇದು ನಿಜವಾದ ನಷ್ಟ, ಆದರೆ ಇದಕ್ಕೂ ಬೆಲೆ ಕಟ್ಟಬಹುದು. ಸ್ವಂತ ಹೊಲಕ್ಕಷ್ಟೇ ಓಡುವ ಟ್ರ್ಯಾಕ್ಟರಿನ ವರ್ಷದ ಖರ್ಚಿಗೂ ಬಾಡಿಗೆಗೂ ಇರುವ ಅಂತರ 1,41,400 ರೂಪಾಯಿ. ಎಕರೆಗೆ 35,000ಕ್ಕೂ ಹೆಚ್ಚು. ಮೆಕ್ಕೆಜೋಳದ ಲೆಕ್ಕದಲ್ಲಿ ಅದು ಎಕರೆಗೆ ಸುಮಾರು ಹದಿನೈದು ಕ್ವಿಂಟಲ್. ಇಪ್ಪತ್ತು ಕ್ವಿಂಟಲ್ ಬರುವ ಎಕರೆಯಲ್ಲಿ ಬರೀ ಕಾದದ್ದರಿಂದಲೇ ಹದಿನೈದು ಕ್ವಿಂಟಲ್ ಪ್ರತಿ ವರ್ಷವೂ ಹೋಗುತ್ತಿದ್ದರೆ ಮಾತ್ರ ಸ್ವಂತ ಟ್ರ್ಯಾಕ್ಟರ್ ಈ ವಾದದಿಂದ ಗೆಲ್ಲುತ್ತದೆ. ತಡವಾದ ಬಿತ್ತನೆಯಿಂದ ಎಕರೆಗೆ ಎರಡು ಮೂರು ಕ್ವಿಂಟಲ್ ಕಡಿಮೆಯಾಗುತ್ತದೆ ಎಂದಿಟ್ಟುಕೊಂಡರೂ ಹದದ ದಿನ ಗಂಟೆಗೆ ಇನ್ನೂರು ಮುನ್ನೂರು ಹೆಚ್ಚು ಕೊಟ್ಟು ಟ್ರ್ಯಾಕ್ಟರ್ ತರಿಸುವುದೇ ಅಗ್ಗ. ನಾಲ್ಕೆಕರೆ ಬಿತ್ತನೆಗೆ ಬೇಕಾಗುವುದು ಮೂರೇ ಗಂಟೆ, ಗಂಟೆಗೆ 300 ಹೆಚ್ಚೆಂದರೂ 900 ರೂಪಾಯಿ.

ಕಾಯುವುದನ್ನು ಕಡಿಮೆ ಮಾಡಲು ರೈತರು ಈಗಾಗಲೇ ಕಂಡುಕೊಂಡ ದಾರಿಗಳೂ ಇವೆ. ಪಲ್ಟಿ, ಹರಗುವುದು ಮುಂತಾದ ಹೆಚ್ಚು ಗಂಟೆಯ ಕೆಲಸವನ್ನು ಗದ್ದಲವಿಲ್ಲದ ಬೇಸಿಗೆಯಲ್ಲೇ ಮುಗಿಸಿ, ಹದದ ದಿನಕ್ಕೆ ಬಿತ್ತನೆ ಮಾತ್ರ ಉಳಿಸಿಕೊಳ್ಳುವುದು ಒಂದು. ಎತ್ತಿರುವ ಮನೆಯವರು ಬಿತ್ತನೆಯನ್ನು ಎತ್ತಿನ ಕೂರಿಗೆಯಲ್ಲೇ ಮಾಡಿ, ಬಲ ಬೇಕಾದ ಕೆಲಸಕ್ಕಷ್ಟೇ ಟ್ರ್ಯಾಕ್ಟರ್ ಕರೆಸುವುದು ಇನ್ನೊಂದು. ಒಂದೇ ದಾರಿಯ ಅಕ್ಕಪಕ್ಕದ ಹೊಲದವರು ಕೂಡಿ ಹತ್ತು ಹನ್ನೆರಡು ಎಕರೆಯ ಕೆಲಸವನ್ನು ಒಟ್ಟಿಗೆ ಹೇಳಿದರೆ ಟ್ರ್ಯಾಕ್ಟರಿನವನಿಗೆ ಅವರು ಸಣ್ಣ ಗಿರಾಕಿಗಳಾಗಿ ಕಾಣುವುದಿಲ್ಲ. ಹಳೇ ಬಾಕಿ ತೀರಿಸಿದವನ ಹೊಲಕ್ಕೆ ಗಾಡಿ ಮೊದಲು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು.

2014-15ರಲ್ಲಿ ಶುರುವಾದ ರಾಜ್ಯ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ನಿಗದಿತ ದರಕ್ಕೆ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತವೆ. ಹೋಬಳಿಗೆಲ್ಲ ಕೆಲವೇ ಗಾಡಿಗಳಿರುವುದರಿಂದ ಹದದ ದಿನಗಳಲ್ಲಿ ಅಲ್ಲೂ ಸಾಲು ಇರುತ್ತದೆ. ಬೇಸಿಗೆಯ ಉಳುಮೆಗೆ, ಸಣ್ಣ ರೈತನಿಗೆ ಬೇರೆ ಕಡೆ ಸುಲಭವಾಗಿ ಸಿಗದ ಯಂತ್ರಗಳಿಗೆ ಅವು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಊರಿನ ಖಾಸಗಿ ದರ ಸರಿಯೋ ದುಬಾರಿಯೋ ಎಂದು ತಿಳಿಯಲೂ ಅಲ್ಲಿನ ದರ ಒಂದು ಅಳತೆಗೋಲು.

ಬಾಡಿಗೆಯಲ್ಲಿ ಸೋರುವುದೆಲ್ಲಿ

ಬಾಡಿಗೆ ಅಗ್ಗ ಎಂದ ಮಾತ್ರಕ್ಕೆ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಆಗಿಯೇ ಬಿಡುತ್ತದೆ ಎಂದಲ್ಲ. ಗಂಟೆ ಲೆಕ್ಕದಲ್ಲಿ ನಿಧಾನವಾದಷ್ಟೂ ಗಾಡಿಯವನಿಗೆ ಲಾಭ. ಎಕರೆ ಲೆಕ್ಕದಲ್ಲಿ ಬೇಗ ಮುಗಿಸಿದಷ್ಟೂ ಅವನಿಗೆ ಲಾಭ, ಆಗ ಗಾಡಿ ಓಡುತ್ತದೆ, ಉಳುಮೆ ತೇಲುತ್ತದೆ. ಪಲ್ಟಿ, ರೋಟವೇಟರ್ ಮುಂತಾದ ಆಳದ ಕೆಲಸಕ್ಕೆ ಗಂಟೆ ಲೆಕ್ಕ, ಹರಗಲು ಮತ್ತು ಬಿತ್ತಲು ಎಕರೆ ಲೆಕ್ಕ ಹಿಡಿಯುವುದು ಮೇಲು. ಆಳ ನೋಡಲು ಒಂದು ಕಡ್ಡಿ ಸಾಕು. ಉತ್ತ ಸಾಲಿನಲ್ಲಿ ಗಟ್ಟಿ ನೆಲ ತಾಗುವವರೆಗೆ ಚುಚ್ಚಿದಾಗ ಪಲ್ಟಿಗೆ ಎಂಟರಿಂದ ಹತ್ತು ಅಂಗುಲ, ಕಲ್ಟಿವೇಟರಿಗೂ ರೋಟವೇಟರಿಗೂ ನಾಲ್ಕೈದು ಅಂಗುಲ ಇಳಿಯಬೇಕು. ರೋಟವೇಟರಿನ ಎಲ್ ಆಕಾರದ ಬ್ಲೇಡುಗಳು ಸವೆದಿದ್ದರೆ ಮೇಲ್ಮಣ್ಣು ನುಣ್ಣಗೆ ಕಾಣುತ್ತದೆ, ಕಡ್ಡಿ ಎರಡೇ ಅಂಗುಲಕ್ಕೆ ನಿಲ್ಲುತ್ತದೆ. ಕೆಲಸ ಶುರುವಾಗುವ ಮೊದಲೇ ಬ್ಲೇಡಿನ ತುದಿ ನೋಡುವುದು ಒಳ್ಳೆಯದು.

ಗಂಟೆಯನ್ನು ಯಾವುದರಲ್ಲಿ ಎಣಿಸುತ್ತೀರಿ ಎಂಬುದೂ ಮೊದಲೇ ಮಾತಾಗಬೇಕು. ಹಳೇ ಟ್ರ್ಯಾಕ್ಟರುಗಳ ಗಂಟೆ ಮೀಟರ್ ಎಂಜಿನ್ ತಿರುಗುವ ವೇಗಕ್ಕೆ ತಕ್ಕಂತೆ ಓಡುತ್ತದೆ, ಗೋಡೆಯ ಗಡಿಯಾರಕ್ಕೆ ಅದು ತಾಳೆಯಾಗುವುದಿಲ್ಲ. ಕೊನೆಯ ಅಂಕಿ ಒಂದು ತಿರುಗಿದರೆ ಗಂಟೆಯ ಹತ್ತನೇ ಒಂದು ಭಾಗ, ಅಂದರೆ ಆರು ನಿಮಿಷ. ಮೊಬೈಲಿನ ಗಡಿಯಾರ ಹಿಡಿದರೆ ಗಾಡಿ ಹೊಲದೊಳಗೆ ಸಲಕರಣೆ ಇಳಿಸಿದ ಹೊತ್ತಿನಿಂದ ಎಣಿಸಬೇಕು. ಚಹಾಕ್ಕೆ ನಿಂತದ್ದು, ಪಿನ್ ಮುರಿದು ನಿಂತದ್ದು ಕಳೆಯಬೇಕು.

ಸೋರಿಕೆಯ ದೊಡ್ಡ ಭಾಗ ಮಾತ್ರ ಮೀಟರಿನಲ್ಲಿಲ್ಲ, ತಿರುವಿನಲ್ಲಿದೆ. ಹತ್ತು ಗುಂಟೆ ಉದ್ದ, ನಾಲ್ಕು ಗುಂಟೆ ಅಗಲದ ಒಂದೆಕರೆ ಹೊಲ ನೋಡಿ. ಗುಂಟೆಗೆ 33 ಅಡಿಯಂತೆ ಉದ್ದ 330 ಅಡಿ, ಅಗಲ 132 ಅಡಿ. ಏಳಡಿಯ ಕಲ್ಟಿವೇಟರ್ ಉದ್ದಕ್ಕೆ ಹೋದರೆ ಸುಮಾರು 19 ಸಾಲಿನಲ್ಲಿ ಹೊಲ ಮುಗಿಯುತ್ತದೆ, ಅಡ್ಡಕ್ಕೆ ಹೋದರೆ 47 ಸಾಲು ಬೇಕು. ಪ್ರತಿ ಸಾಲಿನ ಕೊನೆಗೆ ಸಲಕರಣೆ ಎತ್ತಿ, ತಿರುಗಿಸಿ, ಮತ್ತೆ ಇಳಿಸಲು ಇಪ್ಪತ್ತು ಸೆಕೆಂಡಿನ ಮೇಲೆಯೇ ಹಿಡಿಯುತ್ತದೆ. ಹೆಚ್ಚಾದ 28 ತಿರುವಿಗೆ ಹತ್ತು ನಿಮಿಷ, ಗಂಟೆಗೆ 1,000ದಂತೆ ಸುಮಾರು 170 ರೂಪಾಯಿ. ಒಂದೆಕರೆಗೆ, ಒಂದು ಸಲಕ್ಕೆ ಇಷ್ಟು. ಸಣ್ಣ ತುಂಡುಗಳಿರುವವನಿಗೆ ಬಾಡಿಗೆ ದುಬಾರಿ ಬೀಳುವ ಗುಟ್ಟು ಇದೇ. ಆದರೆ ಹೊಲದ ಉದ್ದ ಇಳಿಜಾರಿನ ಕಡೆಗಿದ್ದರೆ 170 ರೂಪಾಯಿ ಹೋದರೂ ಅಡ್ಡಕ್ಕೇ ಉಳುಮೆ ಮಾಡಿಸಬೇಕು. ಇಳಿಜಾರಿನುದ್ದಕ್ಕೆ ಉತ್ತ ಹೊಲದ ಮೇಲ್ಮಣ್ಣು ಮೊದಲ ಜೋರು ಮಳೆಗೇ ಹಳ್ಳ ಸೇರುತ್ತದೆ.

ಕೊಳ್ಳುವುದೇ ಸರಿಯಾದಾಗ

ಇಷ್ಟೆಲ್ಲ ಆದರೂ ನಾಲ್ಕೆಕರೆಯವರು ಟ್ರ್ಯಾಕ್ಟರ್ ಕೊಂಡು ಗೆದ್ದ ಮನೆಗಳಿವೆ. ಅಲ್ಲೆಲ್ಲ ಸಾಮಾನ್ಯವಾಗಿ ಕಾಣುವುದು, ಓಡಿಸಲು ಮನೆಯಲ್ಲೇ ಒಬ್ಬ ಹುಡುಗ ಇರುತ್ತಾನೆ. ಅವನು ಬೇಸಿಗೆಯಲ್ಲಿ ಪಲ್ಟಿ ಹೊಡೆಯುತ್ತಾನೆ, ಮುಂಗಾರಿಗೆ ಬಿತ್ತುತ್ತಾನೆ, ಸುಗ್ಗಿಯಲ್ಲಿ ಅದೇ ಗಾಡಿಗೆ ರಾಶಿ ಯಂತ್ರ ಜೋಡಿಸುತ್ತಾನೆ, ಆಮೇಲೆ ಕಬ್ಬಿನ ಸೀಮೆಯ ಸಾಗಣೆಗೆ ಹೋಗುತ್ತಾನೆ. ಕೂಲಿಯ ನೂರು ರೂಪಾಯಿ ಮನೆಯಲ್ಲೇ ಉಳಿಯುವುದರಿಂದ ಗಂಟೆಗೆ ಮಿಗುವುದು 450 ಆಗುತ್ತದೆ, 342 ಗಂಟೆಗೇ ಲೆಕ್ಕ ಸರಿಹೋಗುತ್ತದೆ. ಅಂಥ ಮನೆಯಲ್ಲಿ ಟ್ರ್ಯಾಕ್ಟರ್ ಹೊಲದ ಸಲಕರಣೆಯಾಗಿರುವುದಕ್ಕಿಂತ ಹುಡುಗನ ಉದ್ಯೋಗವಾಗಿರುತ್ತದೆ. ಅವನು ಬೆಂಗಳೂರಿಗೋ ಹುಬ್ಬಳ್ಳಿಗೋ ಕೆಲಸಕ್ಕೆ ಹೊರಟ ದಿನ ಆ ಲೆಕ್ಕ ಮುರಿಯುತ್ತದೆ.

ಸಬ್ಸಿಡಿಯೂ ತೂಕವನ್ನು ಬದಲಿಸುತ್ತದೆ. ರಾಜ್ಯದಲ್ಲಿ ಕೃಷಿ ಯಂತ್ರೋಪಕರಣಗಳಿಗೆ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ, ನಿಗದಿತ ಮಿತಿಗೊಳಪಟ್ಟು ಸಹಾಯಧನ ಇದೆ. ಸಣ್ಣ ರೈತನಿಗೆ ಇದು ಹೆಚ್ಚು ದಕ್ಕುವುದು ದೊಡ್ಡ ಟ್ರ್ಯಾಕ್ಟರಿನಲ್ಲಲ್ಲ, ಕೂರಿಗೆ, ಪವರ್ ವೀಡರ್‌ನಂಥ ಸಣ್ಣ ಯಂತ್ರಗಳಲ್ಲಿ. ನಾಲ್ಕೈದು ಮನೆಯವರು ಸೇರಿ ಒಳ್ಳೆಯ ಕೂರಿಗೆ ಇಟ್ಟುಕೊಂಡರೆ ಊರಿನ ಯಾವ ಟ್ರ್ಯಾಕ್ಟರ್ ಬಿಡುವಾಗಿದ್ದರೂ ಅದಕ್ಕೆ ಕಟ್ಟಿ ಬಿತ್ತಬಹುದು. ಟ್ರ್ಯಾಕ್ಟರುಗಳು ಹಲವಿದ್ದು ಕೂರಿಗೆ ಕಡಿಮೆ ಇರುವ ಊರುಗಳಲ್ಲಿ ಹದದ ದಿನ ಕಾಯುವುದು ಇದರಿಂದಲೇ ಎಷ್ಟೋ ತಪ್ಪುತ್ತದೆ.

ಷೋರೂಮಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ, ಕಳೆದ ವರ್ಷ ಬೇರೆಯವರ ಗಾಡಿ ಬಾಡಿಗೆಗೆ ಹಿಡಿದ ಊರಿನವರಲ್ಲಿ ಈ ವರ್ಷ ನಿಮ್ಮನ್ನೇ ಕರೆಯುತ್ತಾರೆ ಎಂದು ಖಾತ್ರಿಯಿರುವವರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಎಕರೆ, ಅದರ ಮುಂದೆ ಒಂಬತ್ತರಿಂದ ಗುಣಿಸಿದ ಗಂಟೆ. ಉದ್ರಿ ತೀರಿಸದವರ ಹೆಸರು ಹೊಡೆದುಹಾಕಿ. ಉಳಿದ ಮೊತ್ತ ನಾನೂರು ದಾಟಿದರೆ ಟ್ರ್ಯಾಕ್ಟರ್ ಕೊಳ್ಳಿ. ಇನ್ನೂರರ ಆಸುಪಾಸಿನಲ್ಲೇ ನಿಂತರೆ ಅದೇ ಹಾಳೆಯಲ್ಲಿರುವವರನ್ನು ಕರೆದು, ಒಟ್ಟಿಗೆ ಯಾರ ಗಾಡಿಯನ್ನು ಯಾವ ದರಕ್ಕೆ ಹಿಡಿಯಬಹುದು ಎಂದು ಬಿತ್ತನೆಗೆ ಎರಡು ತಿಂಗಳ ಮೊದಲೇ ಮಾತಾಡಿಕೊಳ್ಳಿ.